ಬಿಸಿಎ ಮುಗಿದಿದೆ, ಆರು ವಾರದಲ್ಲಿ ಮೊದಲ ಪರೀಕ್ಷೆ: ಯಾವ ಪುಸ್ತಕ ಓದಲಿ?

ತುಂಗಭದ್ರಾ ತೀರ

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಈ ವರ್ಷ ಬಿಸಿಎ ಮುಗಿಸಿದ್ದೇನೆ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ನಮ್ಮ ಕಾಲೇಜಿಗೆ ಕಂಪನಿಗಳು ಬರುವುದಿಲ್ಲ. ಆದ್ದರಿಂದ ಹೊರಗಿನಿಂದ ಅರ್ಜಿ ಹಾಕಿದ್ದೆ. ಸಾಫ್ಟ್‌ವೇರ್ ಸೇವಾ ಕಂಪನಿಯೊಂದರಿಂದ ಆನ್‌ಲೈನ್ ಪರೀಕ್ಷೆಗೆ ಕರೆ ಬಂದಿದ್ದು, ಅದಕ್ಕೆ ಇನ್ನು ಆರು ವಾರಗಳಿವೆ. ಆಪ್ಟಿಟ್ಯೂಡ್, ಇಂಗ್ಲಿಷ್ ಮತ್ತು ಎರಡು ಪ್ರೋಗ್ರಾಮ್‌ಗಳು ಇರುತ್ತವೆ ಎಂದು ತಿಳಿಸಿದ್ದಾರೆ. ಅದರಲ್ಲಿ ತೇರ್ಗಡೆಯಾದವರಿಗೆ ಸಂದರ್ಶನವಿದೆ.

ನನ್ನ ಬಳಿ ಬಾಲಗುರುಸಾಮಿಯವರ ಸಿ ಪುಸ್ತಕ, ಅಣ್ಣ ಬ್ಯಾಂಕ್ ಪರೀಕ್ಷೆಗೆಂದು ತಂದಿದ್ದ ಆರ್. ಎಸ್. ಅಗರ್ವಾಲ್ ಅವರ ಆಪ್ಟಿಟ್ಯೂಡ್ ಪುಸ್ತಕದ ಹಳೆಯ ಮುದ್ರಣ, ಮತ್ತು ಡಿಬಿಎಂಎಸ್ ನೋಟ್ಸ್ ಇವೆ. ಪುಸ್ತಕಗಳಿಗೆ 1,500 ರೂಪಾಯಿಯವರೆಗೆ ಖರ್ಚು ಮಾಡಬಲ್ಲೆ. ಏನನ್ನು ಕೊಳ್ಳಬೇಕು, ಯಾವುದನ್ನು ಮೊದಲು ಓದಬೇಕು ಎಂದು ತಿಳಿದವರು ದಯವಿಟ್ಟು ಹೇಳಬೇಕು. ಕೆಲಸ ಸಿಕ್ಕರೆ ಮೊದಲ ತಿಂಗಳುಗಳಲ್ಲಿ ಉಪಯೋಗಕ್ಕೆ ಬರುವ ಪುಸ್ತಕಗಳಿದ್ದರೆ ಅವನ್ನೂ ತಿಳಿಸಿ.

ಸ್ಪರ್ಧಾ ಮಿತ್ರ

ತಂಗಿ, ಆರು ವಾರ ಬಹಳ ಕಡಿಮೆ ಸಮಯ. ಸಂವಿಧಾನ, ಕರ್ನಾಟಕದ ಇತಿಹಾಸ ಮತ್ತು ಪ್ರಚಲಿತ ವಿದ್ಯಮಾನಗಳನ್ನು ಮೊದಲು ಮುಗಿಸಿಕೊಳ್ಳಿ. ಆರರಿಂದ ಹತ್ತನೆಯ ತರಗತಿಯವರೆಗಿನ ಸಮಾಜ ವಿಜ್ಞಾನ ಪಠ್ಯಪುಸ್ತಕಗಳೇ ಇದಕ್ಕೆ ಗಟ್ಟಿಯಾದ ತಳಪಾಯ. ಹಾವೇರಿಯ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಕುಳಿತು ಓದಬಹುದು.

ತುಂಗಭದ್ರಾ ತೀರ

ಸರ್, ಇದು ಸರ್ಕಾರಿ ನೇಮಕಾತಿಯಲ್ಲ, ಖಾಸಗಿ ಸಾಫ್ಟ್‌ವೇರ್ ಕಂಪನಿಯ ಪರೀಕ್ಷೆ. ಸಾಮಾನ್ಯ ಜ್ಞಾನದ ಭಾಗ ಇದರಲ್ಲಿಲ್ಲ. ಗ್ರಂಥಾಲಯದ ಸಲಹೆಯನ್ನು ಖಂಡಿತ ಪಾಲಿಸುತ್ತೇನೆ.

ಕೋಡ್ ಕಲಿ

ನಾನು ಎರಡು ವರ್ಷಗಳಿಂದ ಬೆಂಗಳೂರಿನ ಒಂದು ಪ್ರಾಡಕ್ಟ್ ಕಂಪನಿಯಲ್ಲಿದ್ದೇನೆ. ಗೇಲ್ ಲಾಕ್‌ಮನ್ ಮೆಕ್‌ಡೊವೆಲ್ ಅವರ ‘ಕ್ರ್ಯಾಕಿಂಗ್ ದ ಕೋಡಿಂಗ್ ಇಂಟರ್‌ವ್ಯೂ’ ಕೊಳ್ಳಿ, ಬೇರೆ ಯಾವುದೂ ಬೇಡ. 2015ರ ಆರನೆಯ ಆವೃತ್ತಿಯಲ್ಲಿ 189 ಪ್ರಶ್ನೆಗಳಿವೆ. ದಿನಕ್ಕೆ ಐದರಂತೆ ಬಿಡಿಸಿದರೆ ಆರು ವಾರಗಳೊಳಗೆ ಮುಗಿಯುತ್ತದೆ. ನನಗೆ ಕೆಲಸ ಸಿಕ್ಕಿದ್ದು ಆ ಪುಸ್ತಕದಿಂದಲೇ. ಆಪ್ಟಿಟ್ಯೂಡ್‌ಗೆ ಸೂತ್ರಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕು.

ಸಂದರ್ಶನದಲ್ಲಿ ಎಸ್‌ಕ್ಯೂಎಲ್ ಕೇಳಿಯೇ ಕೇಳುತ್ತಾರೆ. ಎರಡನೆಯ ಅತಿ ಹೆಚ್ಚಿನ ಸಂಬಳ ಹುಡುಕುವ ಪ್ರಶ್ನೆ ಬಹಳ ಸಾಮಾನ್ಯ. ಉತ್ತರ ಇದು:

```sql
SELECT salary FROM emp
ORDER BY salary DESC
LIMIT 1 OFFSET 1;
```

ಹಳೆ ಕಂಪೈಲರ್

ನಾನು ಹನ್ನೊಂದು ವರ್ಷಗಳಿಂದ ಈ ಕ್ಷೇತ್ರದಲ್ಲಿದ್ದೇನೆ. ಕಳೆದ ಐದು ವರ್ಷಗಳಿಂದ ಹೊಸ ಪದವೀಧರರ ಸಂದರ್ಶನ ಮಾಡುವವರ ಸಾಲಿನಲ್ಲೂ ಕೂರುತ್ತಿದ್ದೇನೆ. ನಾನೂ ಬೆಳಗಾವಿ ಜಿಲ್ಲೆಯ ಸಣ್ಣ ಊರಿನ ಕಾಲೇಜಿನವನೇ. ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಕೋಡ್ ಕಲಿ ಅವರು ಹೇಳಿದ ಪುಸ್ತಕ ಒಳ್ಳೆಯದೇ, ಆದರೆ ಅದನ್ನು ಬರೆದಿರುವುದು ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೊದಲಾದ ಕಂಪನಿಗಳ ಸಂದರ್ಶನವನ್ನು ಎದುರಿಗಿಟ್ಟುಕೊಂಡು. ಉತ್ತರಗಳು ಜಾವಾದಲ್ಲಿವೆ. ಲಿಂಕ್ಡ್ ಲಿಸ್ಟ್ ಮತ್ತು ಟ್ರೀಗಳನ್ನು ಈಗಾಗಲೇ ಕೈಯಾರೆ ಬರೆದು ಅಭ್ಯಾಸವಿರುವವರಿಗೆ ಅದು ಮುಂದಿನ ಮೆಟ್ಟಿಲು. ಸೇವಾ ಕಂಪನಿಯ ಮೊದಲ ಪರೀಕ್ಷೆಯಲ್ಲಿ ಬರುವುದು ಹೆಚ್ಚಾಗಿ ಅರೇ, ಸ್ಟ್ರಿಂಗ್ ಮತ್ತು ಅಂಕಿಗಳ ಮೇಲಿನ ಪ್ರಶ್ನೆಗಳು. ಸಿ ಪುಸ್ತಕ ಮನೆಯಲ್ಲೇ ಇರುವಾಗ ಮೊದಲ ಆರು ವಾರಗಳಿಗೆ ಆ ದೊಡ್ಡ ಪುಸ್ತಕದ ಅಗತ್ಯವಿಲ್ಲ. ನೀವು ಈಗ ಹಣ ಖರ್ಚು ಮಾಡಬೇಡಿ. ನಿಮ್ಮ ಬಳಿ ಇರುವ ಪುಸ್ತಕಗಳನ್ನೇ ಪರೀಕ್ಷೆ ಕೇಳುವ ರೀತಿಯಲ್ಲಿ ಓದುವುದು ಹೇಗೆ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ ಎಂದು ನನಗೆ ತೋರುತ್ತದೆ.

ಆಪ್ಟಿಟ್ಯೂಡ್ ಪುಸ್ತಕವನ್ನು ಮೊದಲ ಪುಟದಿಂದ ಆರಂಭಿಸಬೇಡಿ. ಹಾಗೆ ಆರಂಭಿಸಿದವರಲ್ಲಿ ಹೆಚ್ಚಿನವರು ಸಂಖ್ಯಾ ಪದ್ಧತಿ ಮತ್ತು ಸರಳೀಕರಣದ ಅಧ್ಯಾಯಗಳಲ್ಲೇ ಎರಡು ವಾರ ಕಳೆದುಬಿಡುತ್ತಾರೆ. ಶೇಕಡಾವಾರು, ಅನುಪಾತ, ಸರಾಸರಿ, ಲಾಭ ಮತ್ತು ನಷ್ಟ, ಕಾಲ ಮತ್ತು ಕೆಲಸ, ಕಾಲ ಮತ್ತು ದೂರ, ಸಂಭವನೀಯತೆ ಇವಿಷ್ಟನ್ನು ಮೊದಲು ಮುಗಿಸಿ. ಶೇಕಡಾವಾರು ಮತ್ತು ಅನುಪಾತ ಗಟ್ಟಿಯಾದರೆ ಉಳಿದವು ಬಹುಮಟ್ಟಿಗೆ ಅವುಗಳ ಮೇಲೆಯೇ ನಿಲ್ಲುತ್ತವೆ. ಹಳೆಯ ಮುದ್ರಣವಾದರೂ ತೊಂದರೆಯಿಲ್ಲ, ಏಕೆಂದರೆ ಈ ಲೆಕ್ಕಗಳು ಬದಲಾಗಿಲ್ಲ.

ಸೂತ್ರ ಬಾಯಿಪಾಠ ಮಾಡಿದರೆ ಸಾಕು ಎಂಬುದನ್ನು ನಾನು ಒಪ್ಪುವುದಿಲ್ಲ. ಒಂದು ಲೆಕ್ಕ ನೋಡಿ. ಒಬ್ಬರು ಒಂದು ಕೆಲಸವನ್ನು 12 ದಿನಗಳಲ್ಲಿ, ಇನ್ನೊಬ್ಬರು 18 ದಿನಗಳಲ್ಲಿ ಮಾಡುತ್ತಾರೆ. ಇಬ್ಬರೂ ಸೇರಿ 4 ದಿನ ಮಾಡಿದ ಮೇಲೆ ಮೊದಲನೆಯವರು ಬಿಟ್ಟು ಹೋಗುತ್ತಾರೆ. ಉಳಿದದ್ದನ್ನು ಎರಡನೆಯವರು ಎಷ್ಟು ದಿನಗಳಲ್ಲಿ ಮುಗಿಸುತ್ತಾರೆ? ಇಬ್ಬರೂ ಕೂಡಿ ಮಾಡುವ ಕೆಲಸಕ್ಕೆ ಬಾಯಿಪಾಠದ ಸೂತ್ರವಿದೆ, ಆದರೆ ನಡುವೆ ಒಬ್ಬರು ಬಿಟ್ಟುಹೋದ ಕೂಡಲೇ ಅದು ನೇರವಾಗಿ ಅನ್ವಯಿಸುವುದಿಲ್ಲ. ಅದರ ಬದಲು ಒಟ್ಟು ಕೆಲಸವನ್ನು 12 ಮತ್ತು 18ರ ಲಸಾಅ ಆದ 36 ಪಾಲು ಎಂದುಕೊಳ್ಳಿ. ಮೊದಲನೆಯವರು ದಿನಕ್ಕೆ 3 ಪಾಲು, ಎರಡನೆಯವರು 2 ಪಾಲು ಮಾಡುತ್ತಾರೆ. 4 ದಿನಗಳಲ್ಲಿ 20 ಪಾಲು ಮುಗಿಯುತ್ತದೆ, 16 ಉಳಿಯುತ್ತದೆ. ದಿನಕ್ಕೆ 2ರಂತೆ 8 ದಿನ. ಭಿನ್ನರಾಶಿ ಎಲ್ಲಿಯೂ ಬರಲಿಲ್ಲ.

ಪುಸ್ತಕದಲ್ಲಿ ಬಿಡಿಸಿದ ಉದಾಹರಣೆಯನ್ನು ಮುಚ್ಚಿಟ್ಟು, ಮೊದಲು ನೀವೇ ಮಾಡಿ, ಗಡಿಯಾರ ನೋಡಿ ಸಮಯವನ್ನು ಪಕ್ಕದಲ್ಲಿ ಬರೆಯಿರಿ. ಉತ್ತರ ಸರಿಯಾಗಿದ್ದೂ ಮೂರು ನಿಮಿಷ ಹಿಡಿದಿದ್ದರೆ ಆ ಲೆಕ್ಕ ನಿಮಗೆ ಇನ್ನೂ ಬಂದಿಲ್ಲ ಎಂದೇ ತಿಳಿಯಿರಿ. ತಪ್ಪಾದ ಲೆಕ್ಕಗಳ ಕ್ರಮಸಂಖ್ಯೆಗಳನ್ನು ಪುಸ್ತಕದ ಕೊನೆಯ ಖಾಲಿ ಹಾಳೆಯಲ್ಲಿ ಬರೆದಿಟ್ಟು, ನಾಲ್ಕು ದಿನ ಬಿಟ್ಟು ಮತ್ತೆ ಅವನ್ನಷ್ಟೇ ಮಾಡಿ.

ಇನ್ನು ಎಸ್‌ಕ್ಯೂಎಲ್. ಮೇಲಿನ ಉತ್ತರ ಅರ್ಧ ಸರಿ. ಕೋಷ್ಟಕದಲ್ಲಿ 50,000, 50,000, 40,000 ಎಂಬ ಮೂರು ಸಂಬಳಗಳಿದ್ದರೆ ಅದು ಮೊದಲ ಸಾಲನ್ನು ಬಿಟ್ಟು ಎರಡನೆಯ ಸಾಲನ್ನು ಕೊಡುತ್ತದೆ, ಅಂದರೆ ಮತ್ತೆ 50,000. ನಾನು ಸಂದರ್ಶನದಲ್ಲಿ ಇದನ್ನು ಕೇಳುವುದೇ ಈ ಕಾರಣಕ್ಕೆ. `DISTINCT` ಸೇರಿಸಿದರೆ ಸರಿಯಾಗುತ್ತದೆ, ಅಥವಾ ಹೀಗೆ ಬರೆಯಬಹುದು:

```sql
SELECT MAX(salary) FROM emp
WHERE salary < (SELECT MAX(salary) FROM emp);
```

ಎಲ್ಲರಿಗೂ ಒಂದೇ ಸಂಬಳವಿದ್ದರೆ ಏನಾಗುತ್ತದೆ ಎಂಬುದು ನನ್ನ ಮುಂದಿನ ಪ್ರಶ್ನೆಯಾಗಿರುತ್ತದೆ. ಈ ಎರಡನೆಯ ಬಗೆ `NULL` ಇರುವ ಒಂದು ಸಾಲನ್ನು ಕೊಡುತ್ತದೆ. `DISTINCT` ಸೇರಿಸಿದ ಮೊದಲನೆಯ ಬಗೆ ಒಂದು ಸಾಲನ್ನೂ ಕೊಡುವುದಿಲ್ಲ. ಇದನ್ನು ಓದಿ ನೆನಪಿಟ್ಟುಕೊಂಡವರು ಈ ಹಂತದಲ್ಲಿ ತಡವರಿಸುತ್ತಾರೆ. ಮೂರು ಸಾಲಿನ ಕೋಷ್ಟಕವನ್ನು ಒಮ್ಮೆ ತಾವೇ ಮಾಡಿ ನೋಡಿದವರು ತಡವರಿಸುವುದಿಲ್ಲ. ನಿಮ್ಮ ನೋಟ್ಸ್ ಸಾಕು, ಆದರೆ ಅದರಲ್ಲಿರುವ ಪ್ರತಿಯೊಂದು ಪ್ರಶ್ನೆಯನ್ನೂ ಕಂಪ್ಯೂಟರಿನಲ್ಲಿ ನಡೆಸಿ ನೋಡಿ. ಜಾಯಿನ್ ಮತ್ತು `GROUP BY` ಎರಡನ್ನೂ ಬಿಡಬೇಡಿ.

ಕೋಡ್ ಕಲಿ

ನಕಲು ಸಂಬಳಗಳ ವಿಷಯ ನನ್ನ ಗಮನಕ್ಕೆ ಬಂದಿರಲಿಲ್ಲ, ಧನ್ಯವಾದಗಳು ಸರ್. ಆದರೂ ಪುಸ್ತಕದ ಬಗ್ಗೆ ನನ್ನ ಅಭಿಪ್ರಾಯ ಪೂರ್ತಿ ಬದಲಾಗಿಲ್ಲ. ಸೇವಾ ಕಂಪನಿಗಳೂ ಹೆಚ್ಚಿನ ಸಂಬಳದ ಹುದ್ದೆಗಳಿಗೆ ಕಠಿಣವಾದ ಕೋಡಿಂಗ್ ಸುತ್ತನ್ನು ಇಟ್ಟಿರುತ್ತವೆ. ಆ ಪುಸ್ತಕದ ಅರೇ ಮತ್ತು ಲಿಂಕ್ಡ್ ಲಿಸ್ಟ್ ಅಧ್ಯಾಯಗಳನ್ನಾದರೂ ಓದಿದರೆ ಆ ಬಾಗಿಲು ಮುಚ್ಚುವುದಿಲ್ಲ.

ಹಳೆ ಕಂಪೈಲರ್

ಅದು ನಿಜ, ಒಪ್ಪುತ್ತೇನೆ. ನಾಲ್ಕನೆಯ ವಾರದ ಹೊತ್ತಿಗೆ ಸಿ ಕೈಗೆ ಹತ್ತಿದ್ದರೆ ಆ ಎರಡು ಅಧ್ಯಾಯಗಳನ್ನು ನೋಡಬಹುದು.

ಕೋಟೆ ನಾಡು

ನಾನು ಚಿತ್ರದುರ್ಗ ಜಿಲ್ಲೆಯವನು. ಕಳೆದ ವರ್ಷ ಇಂಥದ್ದೇ ಪರೀಕ್ಷೆ ಬರೆದು, ಮೊದಲ ಸಲ ಸೋತು, ಎರಡನೆಯ ಸಲ ಬೇರೆ ಕಂಪನಿಯಲ್ಲಿ ಆಯ್ಕೆಯಾದವನು. ಸೋತದ್ದಕ್ಕೆ ಕಾರಣ ನನಗೆ ಪ್ರೋಗ್ರಾಮ್ ಬಾರದೇ ಇದ್ದದ್ದಲ್ಲ. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ, ಆದ್ದರಿಂದ ಅಕ್ಕನವರಿಗೆ ಹೇಳಲೇಬೇಕೆಂದು ಬರೆಯುತ್ತಿದ್ದೇನೆ.

ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಟರ್ಬೊ ಸಿ ಇತ್ತು. ಮೂರು ವರ್ಷ ರೆಕಾರ್ಡ್ ಪುಸ್ತಕದಲ್ಲಿ ನಾವು ಪ್ರತಿ ಪ್ರೋಗ್ರಾಮನ್ನೂ `conio.h`, `clrscr()`, `getch()` ಇಟ್ಟೇ ಬರೆದೆವು. ಪರೀಕ್ಷೆಯ ತಾಣದಲ್ಲಿ ಹಾಗೆಯೇ ಬರೆದಾಗ ಮೊದಲು ಬಂದದ್ದು ಈ ಸಾಲು:

```
fatal error: conio.h: No such file or directory
```

ಇದನ್ನು ತೆಗೆದುಹಾಕುವಷ್ಟರಲ್ಲಿ ಹತ್ತು ನಿಮಿಷ ಕಳೆದಿತ್ತು. ಆಮೇಲೆ ಪ್ರೋಗ್ರಾಮ್ ಓಡಿತು, ನನ್ನ ಕಣ್ಣಿಗೆ ಉತ್ತರವೂ ಸರಿಯಾಗಿತ್ತು, ಆದರೆ ಒಂದೂ ಟೆಸ್ಟ್ ಕೇಸ್ ಪಾಸಾಗಲಿಲ್ಲ. ಕಾರಣ ಮನೆಗೆ ಬಂದ ಮೇಲೆ ತಿಳಿಯಿತು. ನಾನು ರೂಢಿಯಂತೆ `printf("Enter the value of n")` ಎಂದು ಬರೆದಿದ್ದೆ. ಅಲ್ಲಿ ಉತ್ತರವನ್ನು ನೋಡುವವರು ಮನುಷ್ಯರಲ್ಲ. ಪ್ರೋಗ್ರಾಮ್ ಹೊರಹಾಕುವ ಪ್ರತಿ ಅಕ್ಷರವನ್ನೂ ಅವರ ಬಳಿ ಇರುವ ಉತ್ತರದೊಂದಿಗೆ ಯಂತ್ರ ಹೋಲಿಸುತ್ತದೆ. 15 ಎಂದಷ್ಟೇ ಬರಬೇಕಾದ ಕಡೆ ಒಂದು ಇಂಗ್ಲಿಷ್ ವಾಕ್ಯವೂ ಸೇರಿಕೊಂಡರೆ ಅದು ತಪ್ಪು ಉತ್ತರವೇ.

ಹಳೆ ಕಂಪೈಲರ್

ಕೋಟೆ ನಾಡು ಅವರು ಹೇಳಿದ್ದು ಬಹಳ ಮುಖ್ಯವಾದ ಮಾತು. ಸಣ್ಣ ಊರುಗಳ ಕಾಲೇಜುಗಳಿಂದ ಬಂದ ಎಷ್ಟೋ ಒಳ್ಳೆಯ ವಿದ್ಯಾರ್ಥಿಗಳು ಇಲ್ಲಿಯೇ ಸೋಲುತ್ತಾರೆ ಎಂಬುದು ನನಗೆ ನಿಜವಾಗಿಯೂ ನೋವಿನ ಸಂಗತಿ. ಅದಕ್ಕೆ ಇನ್ನೊಂದನ್ನು ಸೇರಿಸುತ್ತೇನೆ. ಟರ್ಬೊ ಸಿಯಲ್ಲಿ `int` 16 ಬಿಟ್‌ನದು, 32,767ರ ಆಚೆಗೆ ಹೋಗುವುದಿಲ್ಲ. ಈಗಿನ ಕಂಪೈಲರುಗಳಲ್ಲಿ ಅದು ಸಾಮಾನ್ಯವಾಗಿ 32 ಬಿಟ್‌ನದು, ಮಿತಿ 2,147,483,647, ಅಂದರೆ ಸುಮಾರು 214 ಕೋಟಿ. ಇಷ್ಟು ಸಾಕಲ್ಲವೇ ಎನ್ನಿಸುತ್ತದೆ. ಆದರೆ ಒಂದು ಲಕ್ಷ ಸಂಖ್ಯೆಗಳಿದ್ದು, ಪ್ರತಿಯೊಂದೂ ಒಂದು ಲಕ್ಷದವರೆಗೆ ಇರಬಹುದು ಎಂದು ಪ್ರಶ್ನೆಯಲ್ಲಿ ಹೇಳಿದ್ದರೆ ಮೊತ್ತ 1,000 ಕೋಟಿಯನ್ನು ಮುಟ್ಟಬಹುದು. ಆಗ ಸಣ್ಣ ಟೆಸ್ಟ್ ಕೇಸ್‌ಗಳೆಲ್ಲ ಪಾಸಾಗಿ, ಕೊನೆಯ ದೊಡ್ಡವು ಮಾತ್ರ ಸೋಲುತ್ತವೆ. ಮೊದಲವು ಪಾಸಾಗಿ ಕೊನೆಯವು ಸೋತರೆ ಒಂದೋ ಅಂಕಿ ಮಿತಿ ಮೀರಿದೆ, ಇಲ್ಲವೇ ಪ್ರೋಗ್ರಾಮ್ ನಿಧಾನವಾಗಿದೆ. ಎಲ್ಲವೂ ಒಟ್ಟಿಗೆ ಸೋತರೆ ಔಟ್‌ಪುಟ್‌ನ ರೂಪ ಸರಿಯಾಗಿದೆಯೇ ಎಂದು ಮೊದಲು ನೋಡಿ.

ಸಂಖ್ಯೆಗಳ ಮೊತ್ತ ಹುಡುಕುವ ಪ್ರೋಗ್ರಾಮನ್ನು ಅಲ್ಲಿ ಬರೆಯಬೇಕಾದ ರೀತಿ ಹೀಗೆ:

```c
#include <stdio.h>

int main(void)
{
    int n, x;
    long long sum = 0;
    scanf("%d", &n);
    while (n--) {
        scanf("%d", &x);
        sum += x;
    }
    printf("%lld\n", sum);
    return 0;
}
```

ನಿಮ್ಮ ಬಾಲಗುರುಸಾಮಿ ಪುಸ್ತಕದಲ್ಲಿ ಅರೇ, ಸ್ಟ್ರಿಂಗ್ ಮತ್ತು ಫಂಕ್ಷನ್ ಅಧ್ಯಾಯಗಳ ಕೊನೆಯಲ್ಲಿರುವ ಪ್ರೋಗ್ರಾಮಿಂಗ್ ಅಭ್ಯಾಸಗಳನ್ನು ಇದೇ ಬಗೆಯಲ್ಲಿ ಬರೆಯಿರಿ. ದಿನಕ್ಕೆ ಎರಡು ಸಾಕು. ಪ್ರತಿಯೊಂದಕ್ಕೂ ಇನ್‌ಪುಟ್ ಮತ್ತು ಬರಬೇಕಾದ ಉತ್ತರವನ್ನು ಮೊದಲೇ ಕಾಗದದಲ್ಲಿ ಬರೆದಿಡಿ. n ಒಂದೇ ಆಗಿದ್ದರೆ, ಎಲ್ಲ ಸಂಖ್ಯೆಗಳೂ ಋಣವಾಗಿದ್ದರೆ ಏನಾಗಬೇಕು ಎಂಬುದೂ ಅದರಲ್ಲಿರಲಿ. ಗರಿಷ್ಠ ಸಂಖ್ಯೆ ಹುಡುಕುವ ಪ್ರೋಗ್ರಾಮಿನಲ್ಲಿ `max = 0` ಎಂದು ಆರಂಭಿಸುವವರು ಋಣ ಸಂಖ್ಯೆಗಳಲ್ಲಿ ಸಿಕ್ಕಿಬೀಳುತ್ತಾರೆ.

ನಿವೃತ್ತ ಅಧ್ಯಾಪಕ, ಶಿರಸಿ

ನಾನು ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವನು. ಇಷ್ಟೆಲ್ಲ ಚರ್ಚೆಯಲ್ಲಿ ಭಾಷೆಯ ಮಾತೇ ಬರಲಿಲ್ಲ. ಮಗೂ, ರೆನ್ ಮತ್ತು ಮಾರ್ಟಿನ್ ವ್ಯಾಕರಣ ಪುಸ್ತಕವನ್ನು ತರಿಸಿಕೊಂಡು ಕಾಲಗಳು, ಉಪಪದಗಳು ಮತ್ತು ಪ್ರಿಪೊಸಿಷನ್‌ಗಳ ಅಧ್ಯಾಯಗಳ ಅಭ್ಯಾಸಗಳನ್ನು ಬರೆದು ಮಾಡು. ಕನ್ನಡ ಮಾಧ್ಯಮದ ಮಕ್ಕಳು ತಪ್ಪುವುದು ಹೆಚ್ಚಾಗಿ ಈ ಮೂರರಲ್ಲಿಯೇ. ‘ಎ’, ‘ದ’ ಎಂಬ ಪದಗಳಿಗೆ ಸರಿಸಮನಾದವು ನಮ್ಮ ಭಾಷೆಯಲ್ಲಿಲ್ಲ, ಆದ್ದರಿಂದ ಕಿವಿಗೆ ತಪ್ಪು ಕೇಳಿಸುವುದೇ ಇಲ್ಲ.

ಹಳೆ ಕಂಪೈಲರ್

ಗುರುಗಳೇ, ಲಿಖಿತ ಪರೀಕ್ಷೆಯ ಇಂಗ್ಲಿಷ್ ಭಾಗಕ್ಕೆ ತಮ್ಮ ಮಾತು ಸರಿ, ಮತ್ತು ಆ ಮೂರು ಅಧ್ಯಾಯಗಳ ಆಯ್ಕೆಯೂ ಚೆನ್ನಾಗಿದೆ. ಆದರೆ ಸಂದರ್ಶನದಲ್ಲಿ ಉಪಪದ ತಪ್ಪಿದ್ದಕ್ಕಾಗಿ ನಾನು ಯಾರನ್ನೂ ಕೈಬಿಟ್ಟಿಲ್ಲ. ತಮ್ಮದೇ ಪ್ರಾಜೆಕ್ಟನ್ನು ವಿವರಿಸಲಾಗದೆ ಮೌನವಾದವರನ್ನು ಕೈಬಿಡಬೇಕಾಗಿ ಬಂದಿದೆ. ಆರು ವಾರಗಳಲ್ಲಿ ವ್ಯಾಕರಣಕ್ಕೆ ಇಡುವ ಸಮಯದ ಅರ್ಧವನ್ನಾದರೂ ಬಾಯಿ ಬಿಟ್ಟು ಮಾತನಾಡುವುದಕ್ಕೆ ಕೊಡಬೇಕು ಎಂಬುದು ನನ್ನ ಅಭಿಪ್ರಾಯ.

ನಿವೃತ್ತ ಅಧ್ಯಾಪಕ, ಶಿರಸಿ

ಬರೆಯಲು ಬಾರದ ವಾಕ್ಯವನ್ನು ನಾಲಿಗೆ ಎಲ್ಲಿಂದ ತಂದೀತು? ಅಭ್ಯಾಸ ಬರವಣಿಗೆಯಿಂದಲೇ ಆಗಬೇಕು ಎಂಬ ನನ್ನ ನಂಬಿಕೆಯನ್ನು ನಾನು ಬಿಡಲಾರೆ.

ತುಂಗಭದ್ರಾ ತೀರ

ಗುರುಗಳೇ, ಗ್ರಂಥಾಲಯದಲ್ಲಿ ಆ ವ್ಯಾಕರಣ ಪುಸ್ತಕ ಸಿಕ್ಕರೆ ಅಲ್ಲಿಯೇ ಕುಳಿತು ಅಭ್ಯಾಸ ಮಾಡುತ್ತೇನೆ. ಹಳೆ ಕಂಪೈಲರ್ ಸರ್, ನಮ್ಮ ಪ್ರಾಜೆಕ್ಟ್ ಗ್ರಂಥಾಲಯ ನಿರ್ವಹಣೆಯ ತಂತ್ರಾಂಶ. ನಾಲ್ವರು ಸೇರಿ ಮಾಡಿದ್ದು. ನಿಜ ಹೇಳಬೇಕೆಂದರೆ ಹೆಚ್ಚಿನ ಭಾಗವನ್ನು ಹಿಂದಿನ ವರ್ಷದವರಿಂದ ಪಡೆದಿದ್ದೆವು. ನಾನು ಮಾಡಿದ್ದು ಪುಸ್ತಕ ಹಿಂದಿರುಗಿಸುವಾಗ ದಂಡ ಲೆಕ್ಕ ಹಾಕುವ ಭಾಗ ಮಾತ್ರ. ಇದನ್ನು ಹೇಳಿದರೆ ಅವಕಾಶ ಕಳೆದುಕೊಳ್ಳುತ್ತೇನೆಯೇ?

ಹಳೆ ಕಂಪೈಲರ್

ತಂಗಿ, ಪೂರ್ತಿ ನಾನೇ ಮಾಡಿದೆ ಎಂದರೆ ಎರಡನೆಯ ಪ್ರಶ್ನೆಗೇ ತಿಳಿದುಬಿಡುತ್ತದೆ. ಈ ಪ್ರಾಜೆಕ್ಟ್ ನಮಗೆ ಹೊಸದಲ್ಲ. ನಾಲ್ವರ ತಂಡವೆಂದೂ, ಇದ್ದ ತಂತ್ರಾಂಶವನ್ನು ಮುಂದುವರಿಸಿದೆವೆಂದೂ, ದಂಡದ ಭಾಗ ನಿಮ್ಮದೆಂದೂ ಹೇಳಿ. ಆಮೇಲೆ ಆ ಒಂದು ಭಾಗದಲ್ಲಿ ಯಾರು ಏನು ಕೇಳಿದರೂ ಉತ್ತರಿಸುವಂತಿರಿ. ಪುಸ್ತಕ ಕೊಟ್ಟ ದಿನಾಂಕ ಯಾವ ಕೋಷ್ಟಕದಲ್ಲಿದೆ? ಹಿಂದಿರುಗಿಸದ ಪುಸ್ತಕವನ್ನು ಹೇಗೆ ಗುರುತಿಸುತ್ತೀರಿ? ಗ್ರಂಥಾಲಯಕ್ಕೆ ರಜೆಯಿದ್ದ ದಿನಗಳಿಗೂ ದಂಡ ಬೀಳುತ್ತದೆಯೇ? ಈ ಮೂರನೆಯ ಪ್ರಶ್ನೆಗೆ ನಿಮ್ಮ ಪ್ರೋಗ್ರಾಮಿನಲ್ಲಿ ಉತ್ತರವಿಲ್ಲದಿದ್ದರೆ ಈ ಆರು ವಾರಗಳಲ್ಲಿ ಅದನ್ನು ಸೇರಿಸಿಬಿಡಿ. ಆಗ ಪ್ರಾಜೆಕ್ಟಿನಲ್ಲಿ ನಿಮಗೆ ಎದುರಾದ ಕಷ್ಟವೇನು ಎಂದು ಕೇಳಿದಾಗ ಹೇಳುವುದಕ್ಕೆ ನಿಮ್ಮದೇ ಆದ ನಿಜವಾದ ಸಂಗತಿಯೊಂದು ಇರುತ್ತದೆ.

ಇದನ್ನು ಮೊದಲು ಕನ್ನಡದಲ್ಲಿ ಒಂದು ಪುಟ ಬರೆಯಿರಿ. ಸಂಗತಿಗಳ ಕ್ರಮ ಗಟ್ಟಿಯಾದ ಮೇಲೆ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ತನ್ನಿ. ಗುರುಗಳು ಹೇಳಿದ ಬರವಣಿಗೆಯೂ ಇಲ್ಲಿ ಆಗುತ್ತದೆ. ನಂತರ ಫೋನಿನಲ್ಲಿ ಧ್ವನಿಮುದ್ರಿಸಿ ಕೇಳಿ. ಎರಡು ನಿಮಿಷಕ್ಕಿಂತ ಹೆಚ್ಚಾದರೆ ಕತ್ತರಿಸಿ. ಬಾಯಿಪಾಠ ಮಾಡಬೇಡಿ, ಏಕೆಂದರೆ ನಡುವೆ ಒಂದು ಪ್ರಶ್ನೆ ಬಂದರೆ ಬಾಯಿಪಾಠ ಮಾಡಿದವರು ಮೊದಲಿನಿಂದ ಆರಂಭಿಸಬೇಕಾಗುತ್ತದೆ.

ಬಿಕಾಂ ಓದುಗ

ನಾನು ಬಿ.ಕಾಂ. ಮುಗಿಸಿ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ ಕೆಲಸ ಹುಡುಕುತ್ತಿದ್ದೇನೆ. ಕಳೆದ ತಿಂಗಳು ಸಂದರ್ಶನದಲ್ಲಿ ನಮೂದು ಬರೆದು ತೋರಿಸಲು ಹೇಳಿದರು. ಸಾಲಕ್ಕೆ ಮಾಡಿದ ಖರೀದಿ, ಜಿಎಸ್‌ಟಿ ಸೇರಿ. ಪುಸ್ತಕದಲ್ಲಿ ತೆರಿಗೆಯಿಲ್ಲದೆ ಕಲಿತಿದ್ದರಿಂದ ತಡವರಿಸಿದೆ. ನನ್ನಂಥವರಿಗೆ ಪುಸ್ತಕ ಸೂಚಿಸುವಿರಾ?

ಹಳೆ ಕಂಪೈಲರ್

ಆ ಕ್ಷೇತ್ರದ ಪುಸ್ತಕಗಳು ನನಗೆ ಪರಿಚಯವಿಲ್ಲ. ತಿಳಿದವರು ಉತ್ತರಿಸಲಿ. ಆದರೆ ನಿಮ್ಮ ತೊಂದರೆಯ ಸ್ವರೂಪ ಕೋಟೆ ನಾಡು ಅವರದ್ದನ್ನೇ ಹೋಲುತ್ತದೆ.

ತುಂಗಭದ್ರಾ ತೀರ

ಕೆಲಸ ಸಿಕ್ಕ ನಂತರ ಓದಬೇಕಾದ ಪುಸ್ತಕದ ಬಗ್ಗೆಯೂ ಒಂದು ಮಾತು ಹೇಳಿ ಸರ್. ರಾಬರ್ಟ್ ಮಾರ್ಟಿನ್ ಅವರ ‘ಕ್ಲೀನ್ ಕೋಡ್’ ಕೊಳ್ಳಬೇಕೆಂದು ಗೆಳತಿಯೊಬ್ಬಳು ಹೇಳುತ್ತಿದ್ದಾಳೆ.

ಹಳೆ ಕಂಪೈಲರ್

ಅದರ ಮೊದಲ ಆವೃತ್ತಿ 2008ರದು, ಅದರ ಉದಾಹರಣೆಗಳು ಜಾವಾದಲ್ಲಿವೆ. ಸ್ವಲ್ಪ ಕಾಲ ಬೇರೆಯವರ ಕೋಡನ್ನು ಓದಿ ತಿದ್ದಿದ ಮೇಲೆ ಅದರ ಮಾತುಗಳು ಅರ್ಥವಾಗುತ್ತವೆ. ಅದಕ್ಕೆ ಮೊದಲು ಓದಿದರೆ ನಿಯಮಗಳು ಮಾತ್ರ ಉಳಿಯುತ್ತವೆ. ಒಂದು ವರ್ಷದ ನಂತರ ಓದಿ.

ಮೊದಲ ವಾರವೇ ಬೇಕಾಗುವುದು ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶವಾದ ಗಿಟ್. ಕಾಲೇಜಿನಲ್ಲಿ ನಾಲ್ವರೂ ಪೆನ್‌ಡ್ರೈವ್‌ನಲ್ಲಿ ಕೋಡನ್ನು ಹಂಚಿಕೊಂಡು, ಕೊನೆಯಲ್ಲಿ ಯಾರದು ಹೊಸದು ಎಂದು ತಿಳಿಯದೆ ಒದ್ದಾಡಿರುತ್ತೀರಿ. ಕಚೇರಿಯಲ್ಲಿ ಒಂದೇ ಕಡತವನ್ನು ಹತ್ತು ಜನ ತಿದ್ದುತ್ತಾರೆ. ಸ್ಕಾಟ್ ಶಾಕಾನ್ ಮತ್ತು ಬೆನ್ ಸ್ಟ್ರಾಬ್ ಬರೆದ ‘ಪ್ರೊ ಗಿಟ್’ ಪುಸ್ತಕ `git-scm.com` ತಾಣದಲ್ಲಿ ಉಚಿತವಾಗಿ ಓದಲು ಸಿಗುತ್ತದೆ. ಮೊದಲ ಮೂರು ಅಧ್ಯಾಯಗಳು ಸಾಕು. ಮೂರನೆಯದು ಬ್ರ್ಯಾಂಚ್‌ಗಳ ಬಗ್ಗೆ, ಅದನ್ನು ನಿಧಾನವಾಗಿ ಓದಿ. ನಿಮ್ಮ ದಂಡದ ಪ್ರೋಗ್ರಾಮನ್ನೇ ಗಿಟ್‌ನಲ್ಲಿ ಇಟ್ಟು, ಎರಡು ಬ್ರ್ಯಾಂಚ್‌ಗಳಲ್ಲಿ ಒಂದೇ ಸಾಲನ್ನು ಬೇರೆ ಬೇರೆಯಾಗಿ ತಿದ್ದಿ, ಬೇಕೆಂದೇ ಕಾನ್‌ಫ್ಲಿಕ್ಟ್ ತರಿಸಿಕೊಂಡು ಬಿಡಿಸಿ. `<<<<<<<` ಎಂಬ ಗುರುತನ್ನು ಮೊದಲ ಸಲ ಕಚೇರಿಯಲ್ಲಿ ನೋಡಿ ಗಾಬರಿಯಾಗಿ, ಬೇರೆಯವರ ಸಾಲುಗಳನ್ನು ಅಳಿಸಿಬಿಟ್ಟ ಹೊಸಬರನ್ನು ನಾನು ಕಂಡಿದ್ದೇನೆ.

ಕೋಟೆ ನಾಡು

ನನ್ನ ತರಬೇತಿಯ ಎರಡನೆಯ ವಾರ ಅದೇ ಆಯಿತು. ಸಹೋದ್ಯೋಗಿಯೊಬ್ಬರ ಅರ್ಧ ದಿನದ ಕೆಲಸ ನನ್ನಿಂದ ಅಳಿಸಿಹೋಗಿತ್ತು. ಹಳೆಯ ಕಮಿಟ್‌ನಿಂದ ಅದನ್ನು ಮರಳಿ ತಂದುಕೊಟ್ಟರು, ಆದರೆ ಆ ದಿನ ನನಗೆ ಊಟ ಸೇರಲಿಲ್ಲ.

ತುಂಗಭದ್ರಾ ತೀರ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಇಂದು ಮಧ್ಯಾಹ್ನ ರೆಕಾರ್ಡ್ ಪುಸ್ತಕದ ಮೊದಲ ಐದು ಪ್ರೋಗ್ರಾಮ್‌ಗಳನ್ನು ಹೊಸ ಕಂಪೈಲರಿನಲ್ಲಿ ಬರೆದು ನೋಡಿದೆ. ಐದರಲ್ಲಿಯೂ `conio.h` ಇತ್ತು. ಅದನ್ನೂ ಅದರ ಫಂಕ್ಷನ್‌ಗಳನ್ನೂ ತೆಗೆದ ಮೇಲೆ ನಾಲ್ಕು ಸರಿಯಾದವು. ಐದನೆಯದರಲ್ಲಿ ಹೆಸರನ್ನು ಓದಲು `gets` ಬಳಸಿದ್ದೆವು, ಅದಕ್ಕೆ ಕಂಪೈಲರ್ ಎಚ್ಚರಿಕೆ ಕೊಡುತ್ತಿದೆ. ಅದರ ಬದಲು `scanf("%s", name)` ಹಾಕಿದರೆ ಹೆಸರಿನ ಮೊದಲ ಪದ ಮಾತ್ರ ಬರುತ್ತಿದೆ, ಇನಿಷಿಯಲ್ ಬಿಟ್ಟುಹೋಗುತ್ತಿದೆ. ಇದಕ್ಕೇನು ಮಾಡಬೇಕು?

ಕೋಟೆ ನಾಡು

ಅಕ್ಕ, `fgets(name, sizeof name, stdin)` ಎಂದು ಬರೆಯಿರಿ, `name` ಅರೇ ಆಗಿರಬೇಕು. ಪೂರ್ತಿ ಸಾಲು ಬರುತ್ತದೆ, ಆದರೆ ಕೊನೆಯಲ್ಲಿ `\n` ಕೂಡ ಸೇರಿಕೊಂಡು ಬರುತ್ತದೆ. ಅದನ್ನು ತೆಗೆಯದಿದ್ದರೆ ಉತ್ತರದಲ್ಲಿ ಒಂದು ಖಾಲಿ ಸಾಲು ಹೆಚ್ಚಾಗಿ ಟೆಸ್ಟ್ ಕೇಸ್ ಮತ್ತೆ ಸೋಲಬಹುದು.